ಪರಿಚಯವಿಲ್ಲದ ಹಿರಿಯರಿಗೆ ಲಿಂಕ್ಡ್‌ಇನ್ ನೋಟ್: ಮೊದಲ ಸಾಲಿನಲ್ಲಿ ಏನಿರಬೇಕು?

ನಮ್ಮ ಕಡೆಯ ಹುಡುಗರು ಗಲ್ಫ್‌ಗೆ ಹೊರಡುವ ಮೊದಲು ಹಿಂದೆಲ್ಲ ಊರಿನ ಯಾರಾದರೊಬ್ಬರ ಮನೆಗೆ ಹೋಗಿ ‘ನಿಮ್ಮ ಕಂಪೆನಿಯಲ್ಲಿ ಏನಾದರೂ ಉಂಟಾ?’ ಎಂದು ಕೇಳಿ ಬರುತ್ತಿದ್ದರು. ಈಗ ಆ ಕೆಲಸದ ಅರ್ಧ ಲಿಂಕ್ಡ್‌ಇನ್‌ನಲ್ಲಿ ನಡೆಯುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಬಿ.ಕಾಂ. ಮುಗಿಸಿದವರ ಪೈಕಿ ಹೆಚ್ಚಿನವರಿಗೆ ಅಲ್ಲಿ ಒಂದು ಅಕೌಂಟ್ ಇದೆ. ದುಬೈಯ ಒಬ್ಬ ಫೈನಾನ್ಸ್ ಮ್ಯಾನೇಜರ್‌ರ ಪ್ರೊಫೈಲ್ ತೆರೆಯುತ್ತಾರೆ, Connect ಒತ್ತುತ್ತಾರೆ, ಆ ಕಡೆಯಿಂದ ಏನೂ ಬರುವುದಿಲ್ಲ. ‘ದೊಡ್ಡವರು, ನಮ್ಮನ್ನೆಲ್ಲಿ ನೋಡುತ್ತಾರೆ’ ಎಂದು ಸುಮ್ಮನಾಗುತ್ತಾರೆ.

ದೊಡ್ಡಸ್ತಿಕೆಯಿಂದ ಉತ್ತರಿಸದವರೂ ಇರಬಹುದು. ಆದರೆ ನಾನು ನೋಡಿದ ಮಟ್ಟಿಗೆ ಹೆಚ್ಚಿನ ಕಡೆ ವಿಷಯ ಕೆಡುವುದು ನೋಟ್‌ನ ಮೊದಲ ಸಾಲಿನಲ್ಲಿ. ನನ್ನದು ಹಾರ್ಡ್‌ವೇರ್ ಅಂಗಡಿ. ಲೆಕ್ಕ ನೋಡಿಕೊಳ್ಳಲು ಇರುವ ಹುಡುಗರು ವರ್ಷ ಎರಡು ವರ್ಷಕ್ಕೆ ಹೊರಗೆ ಹೋಗುವವರೇ, ಹಾಗಾಗಿ ಅವರ ಇಂತಹ ನೋಟ್‌ಗಳು ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಆ ಕಡೆ ಕೂತು ಇಂತಹ ನೋಟ್ ಪಡೆಯುವ ಒಬ್ಬ ಸಂಬಂಧಿಕರೂ ನನಗಿದ್ದಾರೆ. ಇಬ್ಬರ ಕಡೆಯನ್ನೂ ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಲೆಕ್ಕ. ಹಣ ಕೊಡದ ಸಾಮಾನ್ಯ ಅಕೌಂಟ್‌ನಿಂದ ಕಳಿಸುವ ಕನೆಕ್ಷನ್ ನೋಟ್‌ಗೆ 200 ಅಕ್ಷರಗಳ ಮಿತಿ ಇದೆ, ಪ್ರೀಮಿಯಂ ಇದ್ದವರಿಗೆ 300. ಪದಗಳ ನಡುವಿನ ಖಾಲಿ ಜಾಗ, ಚುಕ್ಕೆ, ಕಾಮಾ ಎಲ್ಲ ಇದರಲ್ಲೇ ಸೇರುತ್ತವೆ. ಇಂಗ್ಲಿಷ್‌ನಲ್ಲಿ 200 ಅಕ್ಷರ ಎಂದರೆ ಮೂವತ್ತೈದು ಪದ ಆಚೀಚೆ. ಅಷ್ಟೇ ಅಲ್ಲ, ಸಾಮಾನ್ಯ ಅಕೌಂಟ್‌ನಲ್ಲಿ ತಿಂಗಳಿಗೆ ಕೆಲವೇ ಕೆಲವು ನೋಟ್ ಬರೆಯಲು ಬಿಡುತ್ತಾರೆ. ಅದು ಮುಗಿದ ಮೇಲೆ ನೋಟ್ ಇಲ್ಲದೆ ಕಳಿಸಬೇಕು ಅಥವಾ ಹಣ ಕೊಡಬೇಕು. ಐವತ್ತು ಜನರಿಗೆ ಒಂದೇ ಸಾಲು ಅಂಟಿಸುವ ಪದ್ಧತಿ ಇಲ್ಲಿ ಹೇಗೂ ನಡೆಯುವುದಿಲ್ಲ. ನಾಲ್ಕು ಜನರನ್ನು ಆರಿಸಿ ಒಬ್ಬೊಬ್ಬರಿಗೆ ಅರ್ಧ ಗಂಟೆ ಕೊಡುವುದೇ ಸರಿ.

ಈಗ ಸಾಮಾನ್ಯವಾಗಿ ಬರೆಯುವ ಮೊದಲ ಸಾಲನ್ನು ನೋಡಿ: ‘ರೆಸ್ಪೆಕ್ಟೆಡ್ ಸರ್, ಐ ಹೋಪ್ ದಿಸ್ ಮೆಸೇಜ್ ಫೈಂಡ್ಸ್ ಯೂ ಇನ್ ಗುಡ್ ಹೆಲ್ತ್ ಆ್ಯಂಡ್ ಹೈ ಸ್ಪಿರಿಟ್ಸ್.’ ಇದನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಣಿಸಿದರೆ 77 ಅಕ್ಷರ. 200ರಲ್ಲಿ 77 ಹೋಯಿತು, ವಿಷಯ ಇನ್ನೂ ಶುರುವಾಗಿಲ್ಲ. ಅದರ ನಂತರ ‘ಮೈಸೆಲ್ಫ್ ಇಂಥವನು, ಬಿ.ಕಾಂ. ಗ್ರಾಜುಯೇಟ್ ಫ್ರಮ್ ಕಾಸರಗೋಡು’ ಎಂದು ಬರುತ್ತದೆ. ಅಲ್ಲಿಗೆ ಮುಕ್ಕಾಲು ಪಾಲು ಮುಗಿಯಿತು. ಕೊನೆಗೆ ‘ಕೈಂಡ್ಲಿ ಹೆಲ್ಪ್ ಮಿ ಟು ಗೆಟ್ ಎ ಸೂಟೇಬಲ್ ಜಾಬ್’ ಎಂದು ತುರುಕುವಷ್ಟು ಮಾತ್ರ ಜಾಗ ಉಳಿದಿರುತ್ತದೆ.

ಇದು ಆ ಕಡೆ ಹೇಗೆ ಕಾಣುತ್ತದೆ ಎನ್ನುವುದನ್ನು ನಮ್ಮವರು ಯೋಚಿಸುವುದು ಕಡಿಮೆ. ನನ್ನ ಸಂಬಂಧಿಕರು ರಜೆಯಲ್ಲಿ ಬಂದಾಗ ಫೋನ್ ತೆರೆದು ತೋರಿಸಿದ್ದರು. ಬಂದ ಕೋರಿಕೆಗಳು ಒಂದರ ಕೆಳಗೊಂದು ಸಾಲಾಗಿ ಇರುತ್ತವೆ. ಪ್ರತಿಯೊಂದರಲ್ಲೂ ಮೊದಲು ಫೋಟೋ, ಪಕ್ಕದಲ್ಲಿ ಹೆಸರು, ಅದರ ಕೆಳಗೆ ಹೆಡ್‌ಲೈನ್, ಮತ್ತೆ ಇಬ್ಬರಿಗೂ ಪರಿಚಯ ಇರುವವರು ಯಾರಾದರೂ ಇದ್ದರೆ ಅದು. ಇಷ್ಟಾದ ಮೇಲೆ ನಿಮ್ಮ ನೋಟ್. ಅಂದರೆ ನಿಮ್ಮ ಹೆಸರು ಮತ್ತು ನೀವು ಏನು ಓದಿದ್ದೀರಿ ಎಂಬುದು ನೋಟ್ ಓದುವ ಮೊದಲೇ ಅವರ ಕಣ್ಣ ಮುಂದಿದೆ. ‘ಮೈಸೆಲ್ಫ್’ ಎಂದು ಶುರು ಮಾಡಿದರೆ ಗೊತ್ತಿರುವುದನ್ನೇ ಮತ್ತೆ ಹೇಳಿದ ಹಾಗೆ. ಗೊತ್ತಿಲ್ಲದ ಒಂದೇ ಒಂದು ಸಂಗತಿ ಎಂದರೆ, ‘ಇಷ್ಟು ಜನರಿರುವಾಗ ಈ ಹುಡುಗ ನನಗೇ ಯಾಕೆ ಬರೆದ?’ ಎನ್ನುವುದು. ಮೊದಲ ಸಾಲು ಹೇಳಬೇಕಾದದ್ದು ಅದನ್ನು.

ನಮ್ಮ ವ್ಯಾಪಾರದಲ್ಲಿ ಇದು ದಿನಾ ಕಾಣುವ ಸಂಗತಿ. ಅಂಗಡಿಗೆ ಸೇಲ್ಸ್‌ಮ್ಯಾನ್‌ಗಳು ಬರುತ್ತಾರೆ. ಒಬ್ಬ ಬಂದು ‘ಹೇಗಿದ್ದೀರಿ ಸಾಹೇಬ್ರೇ, ವ್ಯಾಪಾರ ಜೋರಾ?’ ಎನ್ನುತ್ತಾನೆ. ನಾನು ಗಿರಾಕಿಗೆ ಮೊಳೆ ತೂಗುತ್ತಲೇ ‘ಹ್ಞೂಂ’ ಎನ್ನುತ್ತೇನೆ. ಇನ್ನೊಬ್ಬ ಕಪಾಟಿನ ಕಡೆ ನೋಡಿ ‘ಅರ್ಧ ಇಂಚಿನ ಎಲ್ಬೋ ಮುಗಿದ ಹಾಗೆ ಉಂಟಲ್ಲ’ ಎನ್ನುತ್ತಾನೆ. ಅವನ ಕಡೆ ತಿರುಗಿ ನೋಡಲೇಬೇಕಾಗುತ್ತದೆ. ಮೊದಲಿನವನು ಮರ್ಯಾದಸ್ಥನಲ್ಲ ಎಂದಲ್ಲ. ಆದರೆ ಅವನ ಮಾತನ್ನು ಪಕ್ಕದ ಮೆಡಿಕಲ್‌ನಲ್ಲೂ ಬೇಕರಿಯಲ್ಲೂ ಹಾಗೇ ಹೇಳಬಹುದು. ಎರಡನೆಯವನ ಮಾತು ನನ್ನ ಅಂಗಡಿಯಲ್ಲಿ ಮಾತ್ರ ನಡೆಯುತ್ತದೆ. ನೀವು ಬರೆದ ಸಾಲನ್ನು ಹೀಗೇ ಪರೀಕ್ಷೆ ಮಾಡಬಹುದು. ಮೇಲಿನ ಹೆಸರು ಬದಲಿಸಿ ಇನ್ನೊಬ್ಬರಿಗೆ ಕಳಿಸಿದರೂ ಅದು ಹೊಂದುತ್ತದೆ ಎಂದಾದರೆ, ಆ ಸಾಲು ಅವರಿಗಾಗಿ ಬರೆದದ್ದಲ್ಲ.

‘ಯುವರ್ ಇನ್‌ಸ್ಪೈರಿಂಗ್ ಜರ್ನಿ’ ಎನ್ನುವ ಹೊಗಳಿಕೆಯೂ ಈ ಪರೀಕ್ಷೆಯಲ್ಲಿ ಫೇಲ್. ಯಾವ ಜರ್ನಿ, ಅದರಲ್ಲಿ ಏನು ಕಂಡಿರಿ ಎಂದು ಹೇಳದಿದ್ದರೆ ಪ್ರೊಫೈಲ್ ಓದಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ.

ಒಂದು ಉದಾಹರಣೆಯನ್ನೇ ಪೂರ್ತಿ ನೋಡುವ. ನಮ್ಮ ಅಂಗಡಿಯ ಲೆಕ್ಕ ನೋಡುತ್ತಿದ್ದ ಹುಡುಗ ಬಿ.ಕಾಂ. ಮುಗಿಸಿ ಒಂದು ವರ್ಷ ಜಿಎಸ್‌ಟಿ ಕೆಲಸ ಮಾಡಿದ್ದ. ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ ಅಕೌಂಟ್ಸ್ ಕೆಲಸ ಹುಡುಕುವ ಅಂದಾಜು ಅವನದ್ದು. ಟಿಕೆಟ್, ವೀಸಾ, ಅಲ್ಲಿನ ಬೆಡ್‌ಸ್ಪೇಸ್ ಬಾಡಿಗೆ ಎಲ್ಲ ಕೈಯಿಂದಲೇ ಹಾಕಬೇಕು, ಮತ್ತೆ ವೀಸಾದ ದಿನಗಳು ಓಡುತ್ತಲೇ ಇರುತ್ತವೆ. ಹಾಗಾಗಿ ಇಲ್ಲಿಂದಲೇ ಯಾರನ್ನಾದರೂ ಕೇಳಿ ತಿಳಿದು ಹೋಗುವುದು ಅವನಿಗೆ ಅಗತ್ಯ ಇತ್ತು. ಅಲ್ಲಿನ ಒಂದು ಟ್ರೇಡಿಂಗ್ ಕಂಪೆನಿಯ ಫೈನಾನ್ಸ್ ಮ್ಯಾನೇಜರ್ ಒಬ್ಬರನ್ನು ಹುಡುಕಿದ್ದ. ನಮ್ಮ ಕಡೆಯವರೇ, ಆದರೆ ಪರಿಚಯ ಇಲ್ಲ. ಅವನು ಮೊದಲು ಬರೆದ ಕರಡು ಮೇಲೆ ಹೇಳಿದ ‘ಗುಡ್ ಹೆಲ್ತ್’ ಜಾತಿಯದ್ದೇ.

ಕಳಿಸುವ ಮೊದಲು ಆ ಮ್ಯಾನೇಜರ್‌ರ ಪ್ರೊಫೈಲ್‌ನ Activity ಭಾಗವನ್ನು ಕೆಳಗಿನವರೆಗೆ ಓದು ಎಂದೆ. ಅವರು ಏನು ಬರೆದಿದ್ದಾರೆ, ಯಾರ ಪೋಸ್ಟ್‌ಗೆ ಏನು ಕಮೆಂಟ್ ಹಾಕಿದ್ದಾರೆ ಎಂಬುದು ಅಲ್ಲಿರುತ್ತದೆ. ಒಂದು ಪೋಸ್ಟ್ ಸಿಕ್ಕಿತು. ಸಪ್ಲೈಯರ್ ಕೊಟ್ಟ ಬಿಲ್‌ನಲ್ಲಿ ಟಿಆರ್‌ಎನ್ ಇಲ್ಲದ ಕಾರಣ ಕಟ್ಟಿದ ವ್ಯಾಟ್ ಹಿಂದೆ ಪಡೆಯಲು ಆಗುವುದಿಲ್ಲ, ಬಿಲ್ ತೆಗೆದುಕೊಳ್ಳುವಾಗಲೇ ನೋಡಿ ಎಂದು ಅವರು ತಮ್ಮ ಟೀಮಿಗೆ ಹೇಳುವ ಧಾಟಿಯಲ್ಲಿ ಬರೆದಿದ್ದರು. ಗೊತ್ತಿಲ್ಲದವರಿಗೆ: ಯುಎಇಯಲ್ಲಿ 2018ರ ಜನವರಿ 1ರಿಂದ ಶೇ. 5 ವ್ಯಾಟ್ ಇದೆ. ನೋಂದಾಯಿತ ವ್ಯಾಪಾರಿಗೆ 15 ಅಂಕಿಗಳ ಟಿಆರ್‌ಎನ್ ಇರುತ್ತದೆ, ನಮ್ಮಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿಐಎನ್ ಇರುವ ಹಾಗೆ.

ನಮ್ಮ ಹುಡುಗ ಅಂಗಡಿಯಲ್ಲಿ ತಿಂಗಳು ತಿಂಗಳು ಮಾಡುತ್ತಿದ್ದ ಕೆಲಸ ಇದಕ್ಕೆ ತೀರಾ ಹತ್ತಿರದ್ದು. ಪ್ರತಿ ತಿಂಗಳು 14ರಂದು ಪೋರ್ಟಲ್‌ನಲ್ಲಿ GSTR-2B ಬರುತ್ತದೆ. ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳು ಅದರಲ್ಲಿರುತ್ತವೆ. ನಾವು ಖರೀದಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಅದರಲ್ಲಿ ಬಾರದ ಬಿಲ್‌ನ ತೆರಿಗೆಯನ್ನು ನಾವು ಕಳೆಯುವ ಹಾಗಿಲ್ಲ. ಬಿಟ್ಟುಹೋದ ಬಿಲ್ ಹುಡುಕಿ, ಸಪ್ಲೈಯರ್‌ಗೆ ಫೋನ್ ಮಾಡಿ ಸರಿ ಮಾಡಿಸುವುದು ಅವನ ಕೆಲಸವಾಗಿತ್ತು. ಅಂದರೆ ಅವನಿಗೂ ಆ ಮ್ಯಾನೇಜರ್‌ಗೂ ಒಂದೇ ತರದ ತಲೆಬಿಸಿ. ಆದರೆ ಅವನ ಮೊದಲ ಕರಡಿನಲ್ಲಿ ಈ ಕೆಲಸದ ಮಾತೇ ಇರಲಿಲ್ಲ, ‘ಹಾರ್ಡ್ ವರ್ಕಿಂಗ್’ ಎಂದು ಮಾತ್ರ ಇತ್ತು!

ಕೊನೆಗೆ ಅವನು ಇಂಗ್ಲಿಷ್‌ನಲ್ಲಿ ಕಳಿಸಿದ ನೋಟ್‌ನ ಅರ್ಥ ಇಷ್ಟು:

‘ಅಸ್ಸಲಾಮು ಅಲೈಕುಂ (ಹೆಸರು) ಸರ್. ಟಿಆರ್‌ಎನ್ ಇಲ್ಲದ ವ್ಯಾಟ್ ಬಿಲ್‌ಗಳ ಬಗ್ಗೆ ನೀವು ಬರೆದ ಪೋಸ್ಟ್ ಓದಿದೆ. ನಾನು ಉಪ್ಪಳದ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ GSTR-2B ಮತ್ತು ಖರೀದಿ ತಾಳೆ ನೋಡುತ್ತೇನೆ. ಯುಎಇ ವ್ಯಾಟ್ ಕೆಲಸಕ್ಕೆ ಈ ಅನುಭವ ಲೆಕ್ಕಕ್ಕೆ ಬರುತ್ತದೆಯೇ?’

ಇಂಗ್ಲಿಷ್‌ನಲ್ಲಿ ಹೆಸರು ಸೇರಿ ಸುಮಾರು 180 ಅಕ್ಷರ. ಸಲಾಮಿನ ನಂತರದ ಮೊದಲ ಸಾಲೇ ‘ನಿಮಗೇ ಯಾಕೆ ಬರೆದೆ’ ಎನ್ನುವುದನ್ನು ಹೇಳುತ್ತದೆ. ಎರಡನೆಯ ಸಾಲು ‘ನಾನು ಯಾರು’ ಎನ್ನುವುದನ್ನು ಡಿಗ್ರಿಯ ಹೆಸರಿನಿಂದ ಅಲ್ಲ, ಕೈಯಲ್ಲಿ ಮಾಡುವ ಕೆಲಸದಿಂದ ಹೇಳುತ್ತದೆ. ಅದರಲ್ಲೇ ಊರಿನ ಹೆಸರೂ ಬಂತು, ಬೇರೆ ಜಾಗ ಬೇಡ. ಮೂರನೆಯದ್ದು ಪ್ರಶ್ನೆ. ಅದಕ್ಕೆ ಅವರು ಕಾರಿನಲ್ಲಿ ಸಿಗ್ನಲ್‌ಗೆ ಕಾಯುವಾಗಲೂ ಉತ್ತರ ಯೋಚಿಸಬಹುದು. ‘ಕೆಲಸ ಕೊಡಿಸಿ’ ಎಂದರೆ ಹಾಗಲ್ಲ. ಅದಕ್ಕೆ ಅವರು ಹೌದು ಎನ್ನಲಾರರು, ಇಲ್ಲ ಎಂದು ಬರೆಯಲು ಮನಸ್ಸು ಬರುವುದಿಲ್ಲ, ಹಾಗಾಗಿ ಏನೂ ಬರೆಯುವುದಿಲ್ಲ.

ಮೂರನೇ ದಿನ ಅವರು ಒಪ್ಪಿಕೊಂಡರು, ಉತ್ತರವನ್ನೂ ಬರೆದರು. ಬಿಲ್ ನೋಡುವ ಅಭ್ಯಾಸ ಖಂಡಿತ ಉಪಯೋಗಕ್ಕೆ ಬರುತ್ತದೆ, ಆದರೆ ಇಲ್ಲಿ 2B ತರದ ಪಟ್ಟಿ ಸರಕಾರದಿಂದ ಬರುವುದಿಲ್ಲ, ನಿನ್ನ ಕೈಯಲ್ಲಿರುವ ಟ್ಯಾಕ್ಸ್ ಇನ್‌ವಾಯ್ಸೇ ಆಧಾರ, ಇಂಪೋರ್ಟ್ ಮೇಲಿನ ರಿವರ್ಸ್ ಚಾರ್ಜ್ ಮತ್ತು ಫ್ರೀ ಝೋನ್ ವ್ಯವಹಾರ ಹೇಗೆ ಎಂದು ಓದಿಕೊಂಡು ಬಾ ಎಂದಿದ್ದರು. ಕೆಲಸ ಸಿಕ್ಕಿತಾ ಎಂದು ಕೇಳಬೇಡಿ, ನೋಟ್‌ನಿಂದ ಕೆಲಸ ಸಿಗುವುದಿಲ್ಲ. ಆದರೆ ವಿಮಾನ ಹತ್ತುವ ಮೊದಲು ಯಾವುದನ್ನು ಓದಬೇಕು ಎಂಬುದು ಅವನಿಗೆ ಗೊತ್ತಾಯಿತು, ಮತ್ತೆ ಅಲ್ಲಿ ಒಬ್ಬರಿಗೆ ಅವನ ಹೆಸರು ಗೊತ್ತಾಯಿತು.

ಇನ್ನು ಸಂಬೋಧನೆಯ ವಿಷಯ, ಇದರಲ್ಲಿ ನಮ್ಮ ಹುಡುಗರಿಗೆ ಗೊಂದಲ ಜಾಸ್ತಿ. ಊರಲ್ಲಿ ಸಿಕ್ಕಿದರೆ ಇಚ್ಚ, ಕಾಕ ಎನ್ನುತ್ತೇವೆ. ನೋಟ್‌ನಲ್ಲಿ ಅದು ಬೇಡ, ಅವರು ಅದನ್ನು ಆಫೀಸಿನಲ್ಲಿ ಕೂತು ತೆರೆಯುತ್ತಾರೆ. ನಮ್ಮವರು ಎಂದು ಗೊತ್ತಿದ್ದರೆ ಸಲಾಮಿನಿಂದ ಶುರು ಮಾಡುವುದು ಸಹಜ, ಅದಕ್ಕೆ 16 ಅಕ್ಷರ ಸಾಕು. ‘ವರಹ್ಮತುಲ್ಲಾಹಿ ವಬರಕಾತುಹು’ ಎಂದು ಪೂರ್ತಿ ಬರೆದರೆ ಪುಣ್ಯ ಇದೆ, ಆದರೆ ಇಲ್ಲಿ ಜಾಗ ಇಲ್ಲ. ಬೇರೆ ಸಮುದಾಯದವರಿಗೆ, ಗೊತ್ತಿಲ್ಲದವರಿಗೆ ‘ಹಲೋ’ ಮತ್ತು ಹೆಸರು ಸಾಕು. ಭಾರತದ ಹಿರಿಯರಿಗೆ ‘ಸರ್’, ‘ಮೇಡಂ’ ಒಪ್ಪುತ್ತದೆ. ಅರಬ್ ಮ್ಯಾನೇಜರ್‌ಗಳನ್ನು ಅಲ್ಲಿ ‘ಮಿಸ್ಟರ್’ ಸೇರಿಸಿ ಅವರ ಮೊದಲ ಹೆಸರಿನಿಂದ ಕರೆಯುವುದು ರೂಢಿ. ಬರೇ ‘ಡಿಯರ್ ಸರ್’ ಎಂದು ಹೆಸರೇ ಇಲ್ಲದೆ ಬರೆಯುವುದು ಎಲ್ಲಕ್ಕಿಂತ ಕಳಪೆ. ಹೆಸರನ್ನು ಅವರು ಬರೆದುಕೊಂಡ ಸ್ಪೆಲ್ಲಿಂಗ್‌ನಲ್ಲೇ ಬರೆಯಿರಿ. ನಮ್ಮಲ್ಲಿ ಒಂದೇ ಹೆಸರಿಗೆ ನಾಲ್ಕು ಸ್ಪೆಲ್ಲಿಂಗ್ ಉಂಟು, ಅವರದ್ದು ಯಾವುದು ಎಂಬುದು ಪ್ರೊಫೈಲ್‌ನಲ್ಲೇ ಇದೆ.

ಕನ್ನಡ ಬಲ್ಲವರಿಗೆ ಕನ್ನಡದಲ್ಲೇ ಬರೆಯಬಹುದಾ ಎಂದು ಒಬ್ಬ ಕೇಳಿದ್ದ. ಬರೆಯಬಹುದು, ಆದರೆ ಎಣಿಕೆ ನೆನಪಿರಲಿ. ‘ನಮಸ್ಕಾರ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರ್‌ಗೆ ಒತ್ತು, ದೀರ್ಘ ಎಲ್ಲ ಬೇರೆ ಬೇರೆ, ಹಾಗಾಗಿ ಅದು ಏಳು. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಬೇಜಾರಿನ ಸಂಗತಿಯೇ, ಆದರೂ ಮೊದಲ ನೋಟ್ ಇಂಗ್ಲಿಷ್‌ನಲ್ಲಿರಲಿ, ಪರಿಚಯ ಆದ ಮೇಲೆ ಕನ್ನಡವೋ ಬ್ಯಾರಿಯೋ ಮಾತಾಡಿದರಾಯಿತು.

‘ನಾನೂ ಮಂಜೇಶ್ವರದವನು’ ಎಂಬುದನ್ನೇ ಮೊದಲ ಸಾಲು ಮಾಡುವವರು ಬಹಳ. ಊರಿನ ಹೆಸರಿಗೆ ಬೆಲೆ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅದೊಂದೇ ಇದ್ದರೆ ಹಿರಿಯರು ಮುಂದಿನ ಸಾಲು ವೀಸಾ ಕೇಳುವುದೇ ಎಂದು ಮೊದಲೇ ಅಂದಾಜು ಮಾಡಿಕೊಳ್ಳುತ್ತಾರೆ. ಕೆಲಸದ ಮಾತು ಮುಂದೆ, ಊರು ಅದರ ಹಿಂದೆ ಬಂದರೆ ಅದೇ ಊರಿನ ಹೆಸರು ಸಹಾಯಕ್ಕೆ ಬರುತ್ತದೆ. ಇನ್ನೊಬ್ಬರ ಹೆಸರು ಹಾಕುವುದಂತೂ ಅವರ ಒಪ್ಪಿಗೆ ಇದ್ದರೆ ಮಾತ್ರ. ‘ಇಂಥವರು ಹೇಳಿದ್ದಾರೆ’ ಎಂದು ಬರೆದರೆ ಆ ಮ್ಯಾನೇಜರ್ ಇಂಥವರಿಗೆ ವಾಟ್ಸ್ಆ್ಯಪ್‌ನಲ್ಲಿ ಕೇಳಲು ಒಂದು ನಿಮಿಷ ಸಾಕು. ಪರಿಚಯ ಇಲ್ಲ, ಮ್ಯೂಚುವಲ್ ಎಂದು ಕಂಡಿತು ಅಷ್ಟೇ ಎಂದಾದರೆ ಆ ಹೆಸರು ಬೇಡವೇ ಬೇಡ.

ಪೋಸ್ಟ್ ಏನೂ ಹಾಕದವರಿಗೆ ಏನು ಬರೆಯುವುದು? ಹಿರಿಯರಲ್ಲಿ ಅಂತಹವರೇ ಜಾಸ್ತಿ. ಆಗ Experience ಭಾಗವನ್ನು ಕೆಳಗಿನಿಂದ ಮೇಲೆ ಓದಿ. ಎಲ್ಲೋ ಒಂದು ತಿರುವು ಇರುತ್ತದೆ: ಆಡಿಟ್ ಆಫೀಸಿನಿಂದ ಕಂಪೆನಿಗೆ ಬಂದಿರುತ್ತಾರೆ, ಅಕೌಂಟ್ಸ್‌ನಿಂದ ಪರ್ಚೇಸ್‌ಗೆ ಹೋಗಿರುತ್ತಾರೆ, ಮಂಗಳೂರಿನಲ್ಲಿ ಶುರು ಮಾಡಿ ದಮ್ಮಾಮ್‌ಗೆ ಹೋಗಿರುತ್ತಾರೆ. ‘ನೀವು ನಾಲ್ಕು ವರ್ಷ ಆಡಿಟ್ ಮಾಡಿ ನಂತರ ಟ್ರೇಡಿಂಗ್ ಕಂಪೆನಿಗೆ ಬಂದಿದ್ದೀರಿ. ನಾನೀಗ ಆಡಿಟ್ ಆಫೀಸಿನಲ್ಲಿ ಮೊದಲ ವರ್ಷದಲ್ಲಿದ್ದೇನೆ. ಬದಲಾಯಿಸುವ ಮೊದಲು ಎಷ್ಟು ವರ್ಷ ಇರಬೇಕು?’ ಎಂದರೆ ಅದು ಅವರ ಬದುಕಿನ ಒಂದು ನಿರ್ಧಾರದ ಬಗ್ಗೆಯೇ ಕೇಳಿದ ಹಾಗೆ. ಮನೆಮಂದಿಯ ಫೋಟೋ, ಮದುವೆ, ಫೇಸ್‌ಬುಕ್‌ನಲ್ಲಿ ಕಂಡ ಸಂಗತಿಗಳನ್ನು ಮಾತ್ರ ತರಬೇಡಿ. ಪ್ರೊಫೈಲ್‌ನಲ್ಲಿ ಅವರೇ ಬರೆದಿಟ್ಟದ್ದು ಸಾಕು. ಹುಡುಗಿಯರು ಹಿರಿಯ ಪುರುಷರಿಗೆ, ಹುಡುಗರು ಹಿರಿಯ ಮಹಿಳೆಯರಿಗೆ ಬರೆಯುವಾಗಲೂ ಇದೇ ಕೆಲಸದ ಮಾತಿನ ಸಾಲು ಇದ್ದರೆ ಯಾರಿಗೂ ಬೇರೆ ಅರ್ಥ ಬರುವುದಿಲ್ಲ.

ಬರೆದದ್ದು ಚೆನ್ನಾಗಿದ್ದೂ ಕಳಿಸುವಾಗ ಕೆಡುವುದುಂಟು. ‘ನಿಮಗೆ ಗೊತ್ತಿರಬಹುದಾದವರು’ ಎಂದು ತೋರಿಸುವ ಪಟ್ಟಿಯಲ್ಲಿ Connect ಒತ್ತಿದರೆ ನೋಟ್ ಕೇಳದೆಯೇ ಕೋರಿಕೆ ಹೋಗಿಬಿಡುತ್ತದೆ. ಹಾಗಾಗಿ ಯಾವಾಗಲೂ ಅವರ ಪ್ರೊಫೈಲ್ ಪುಟಕ್ಕೆ ಹೋಗಿ. ಕಂಪ್ಯೂಟರ್‌ನಲ್ಲಾದರೆ Connect ಒತ್ತಿದಾಗ Add a note ಕಾಣುತ್ತದೆ. ಮೊಬೈಲ್‌ನಲ್ಲಿ ಮೂರು ಚುಕ್ಕೆ ಒತ್ತಿ Personalize invite ಹುಡುಕಬೇಕು. ಕೆಲವರ ಪ್ರೊಫೈಲ್‌ನಲ್ಲಿ Follow ಮಾತ್ರ ಎದುರಿಗೆ ಕಾಣುತ್ತದೆ, Connect ಇದ್ದರೆ ಅದು More ಒಳಗೆ ಇರುತ್ತದೆ. ಕಳಿಸಿದ ನೋಟ್ ತಿದ್ದಲು ಆಗುವುದಿಲ್ಲ. ಹಿಂದೆ ತೆಗೆದುಕೊಂಡರೆ ಅದೇ ವ್ಯಕ್ತಿಗೆ ಮತ್ತೆ ಕಳಿಸಲು ಮೂರು ವಾರದವರೆಗೆ ಕಾಯಬೇಕು. ಆದ್ದರಿಂದ ಮೊದಲು ಫೋನಿನ ನೋಟ್ಸ್‌ನಲ್ಲಿ ಬರೆದು, ಇನ್ನೊಬ್ಬರಿಗೆ ಓದಲು ಕೊಟ್ಟು, ಆಮೇಲೆ ಅಂಟಿಸಿ.

ಕಳಿಸಿದ ಮೇಲೆ ಏನಾಯಿತು ಎಂದು ಸ್ವಲ್ಪ ಮಟ್ಟಿಗೆ ಅಂದಾಜು ಮಾಡಬಹುದು. ಅವರು ನಿಮ್ಮ ಪ್ರೊಫೈಲ್ ನೋಡಿದ್ದಾರೆ ಎಂದು ತೋರಿಸುತ್ತದೆ, ಆದರೆ ಒಪ್ಪಿಲ್ಲ ಎಂದಾದರೆ ನೋಟ್ ತನ್ನ ಕೆಲಸ ಮಾಡಿದೆ, ತೊಂದರೆ ಪ್ರೊಫೈಲ್‌ನದ್ದು. ಹೆಡ್‌ಲೈನ್‌ನಲ್ಲಿ ‘ಸೀಕಿಂಗ್ ಆಪರ್ಚುನಿಟೀಸ್’ ಎಂದು ಮಾತ್ರ ಇದ್ದರೆ, ನೋಟ್‌ನಲ್ಲಿ ಹೇಳಿದ 2B ಕೆಲಸ ಒಳಗೆ ಎಲ್ಲೂ ಕಾಣದಿದ್ದರೆ ಅವರು ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ನೋಟ್‌ನ ಎರಡನೇ ಸಾಲಿನಲ್ಲಿ ಬರೆದ ಕೆಲಸ ಹೆಡ್‌ಲೈನ್‌ನಲ್ಲೂ ಇರಲಿ. ಯಾರೂ ನೋಡಿದ ಗುರುತೇ ಇಲ್ಲ ಎಂದಾದರೆ ಮೊದಲ ಸಾಲು ಹಿಡಿಯಲಿಲ್ಲ ಎನ್ನಬಹುದು, ಅಥವಾ ಅವರು ಲಿಂಕ್ಡ್‌ಇನ್ ತೆರೆಯುವುದೇ ಅಪರೂಪ ಇರಬಹುದು. ಕೊನೆಯ ಪೋಸ್ಟ್, ಕಮೆಂಟ್ ಯಾವಾಗಿನದ್ದು ಎಂದು ನೋಡಿದರೆ ಇದು ತಿಳಿಯುತ್ತದೆ. ಎರಡು ವರ್ಷದಿಂದ ಅಲ್ಲಾಡದ ಪ್ರೊಫೈಲ್‌ಗೆ ತಿಂಗಳ ಒಂದು ನೋಟ್ ಖರ್ಚು ಮಾಡುವುದು ದಂಡ. ಕೆಲವರು ಗುರುತು ಕಾಣದ ಹಾಗೆ ನೋಡುವ ಸೆಟ್ಟಿಂಗ್ ಇಟ್ಟುಕೊಂಡಿರುತ್ತಾರೆ ಎಂಬುದೂ ತಲೆಯಲ್ಲಿರಲಿ.

ಒಪ್ಪಿಕೊಂಡರೂ ಉತ್ತರ ಬಾರದಿದ್ದರೆ ಒಂದು ವಾರ ಬಿಡಿ. ನಿಮ್ಮ ನೋಟ್ ಈಗ ಮೆಸೇಜ್ ಪೆಟ್ಟಿಗೆಯಲ್ಲಿ ಮೊದಲ ಮೆಸೇಜ್ ಆಗಿ ಕೂತಿರುತ್ತದೆ, ಇಲ್ಲಿ 200ರ ಮಿತಿಯೂ ಇಲ್ಲ. ‘ಥ್ಯಾಂಕ್ಸ್ ಫಾರ್ ಆ್ಯಕ್ಸೆಪ್ಟಿಂಗ್’ ಎಂದು ಸಿವಿ ಲಗತ್ತಿಸಿ ಬಿಡಬೇಡಿ, ಅದನ್ನು ಅವರು ಕೇಳಿಲ್ಲ. ಮೊದಲು ಕೇಳಿದ ಅದೇ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಇನ್ನಷ್ಟು ಸಣ್ಣದು ಮಾಡಿ ಕೇಳಿ: ‘ಸರ್, ಹೋಗುವ ಮೊದಲು ಒಂದೇ ವಿಷಯ ಓದಲು ಸಮಯ ಇದ್ದರೆ ರಿವರ್ಸ್ ಚಾರ್ಜಾ, ರಿಟರ್ನ್ ಫಾರ್ಮಾ?’ ಎರಡರಲ್ಲಿ ಒಂದನ್ನು ಟೈಪ್ ಮಾಡಿದರೆ ಅವರ ಕೆಲಸ ಮುಗಿಯಿತು. ಅದಕ್ಕೂ ಉತ್ತರ ಇಲ್ಲವಾದರೆ ಮತ್ತೆ ಕೇಳುವುದು ಬೇಡ, ಪಟ್ಟಿಯಲ್ಲಿರುವ ಮುಂದಿನವರ Activity ತೆರೆಯಿರಿ.